ಉರಿ ಕಾಣದ ಕೋಣೆಯ ಬಾಗಿಲು ತೆಗೆಯುವ ಮುನ್ನ

ಕಚೇರಿಗಳಿಗೆ, ಅಪಾರ್ಟ್‌ಮೆಂಟ್‌ಗಳಿಗೆ ಹೋಗಿ ಬೆಂಕಿ ಬಿದ್ದಾಗ ಏನು ಮಾಡಬೇಕು ಅಂತ ಹೇಳಿಕೊಡೋದು ನನ್ನ ಕೆಲಸ. ಎಲ್ಲಿಗೆ ಹೋದರೂ ಒಬ್ಬರಾದರೂ ಕೇಳುವ ಪ್ರಶ್ನೆ ಒಂದಿದೆ: "ಸರ್, ರೂಮಿನಿಂದ ಹೊಗೆ ಬರ್ತಿದೆ, ಆದ್ರೆ ಒಳಗೆ ಬೆಂಕಿ ಕಾಣ್ತಿಲ್ಲ. ಬೆಂಕಿ ತಾನಾಗೇ ಆರಿರಬೇಕು ಅಲ್ವಾ? ಬಾಗಿಲು ತೆಗೆದು ಒಂದು ಸಲ ನೋಡ್ಬಹುದಾ?"

ನೋಡಬಾರದು. ಮುಚ್ಚಿದ ಕೋಣೆಯಲ್ಲಿ ಉರಿ ಕಾಣದೇ ಇರೋದು ಎಷ್ಟೋ ಸಲ ಉರಿ ಕಾಣೋದಕ್ಕಿಂತ ಕೆಟ್ಟ ಲಕ್ಷಣ. ಅಗ್ನಿಶಾಮಕ ಸಿಬ್ಬಂದಿ ಅತಿ ಹೆಚ್ಚು ಹೆದರುವ ಬಾಗಿಲುಗಳಲ್ಲಿ ಇದೂ ಒಂದು. ಇಂಥ ಬಾಗಿಲು ತೆರೆದಾಗ ಒಳಗಿನ ಹೊಗೆಯೇ ಹೊತ್ತಿಕೊಂಡು, ಬೆಂಕಿಯ ಉಂಡೆಯಾಗಿ ಹೊರಗೆ ನುಗ್ಗಬಹುದು. ಅದಕ್ಕೆ ಬ್ಯಾಕ್‌ಡ್ರಾಫ್ಟ್ ಅಂತಾರೆ. ಇದೇ ಹೆಸರಿನ ಹಾಲಿವುಡ್ ಸಿನಿಮಾ 1991ರಲ್ಲಿ ಬಂದಿತ್ತು. ಅದನ್ನು ನೋಡಿದವರು ಇದೆಲ್ಲ ಸಿನಿಮಾದವರ ಕರಾಮತ್ತು ಅಂದುಕೊಳ್ಳೋದುಂಟು. ಆದರೆ ಆ ಸಿನಿಮಾ ಬಂದ ಮೂರು ವರ್ಷಕ್ಕೆ ನ್ಯೂಯಾರ್ಕಿನಲ್ಲಿ ನಡೆದದ್ದು ಅದಕ್ಕಿಂತ ಭಯಂಕರ. ಬ್ಯಾಕ್‌ಡ್ರಾಫ್ಟ್ ಹೇಗಾಗುತ್ತೆ, ಅದನ್ನು ಹೇಗೆ ತಡೀತಾರೆ ಅನ್ನೋದನ್ನು ಹೇಳೋಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ವಾಟ್ಸ್ ಸ್ಟ್ರೀಟ್, 62ನೇ ನಂಬರ್

1994ರ ಮಾರ್ಚ್ 28. ಮ್ಯಾನ್‌ಹಟನ್ನಿನ ವಾಟ್ಸ್ ಸ್ಟ್ರೀಟಿನಲ್ಲಿ ಮೂರು ಮಹಡಿಯ ಹಳೇ ಕಟ್ಟಡ. ಕೆಳಗಿನ ಫ್ಲ್ಯಾಟಿನಲ್ಲಿದ್ದವರು ಸಂಜೆ ಆರೂ ಇಪ್ಪತ್ತೈದರ ಹೊತ್ತಿಗೆ ಹೊರಗೆ ಹೊರಟರು. ಅಡುಗೆಮನೆಯ ಗ್ಯಾಸ್ ಒಲೆಯ ಮೇಲೆ ಕಸ ತುಂಬಿದ ಪ್ಲಾಸ್ಟಿಕ್ ಚೀಲ ಇತ್ತು. ಆ ಕಾಲದ ಒಲೆಗಳಲ್ಲಿ ಪೈಲಟ್ ಅಂತ ಒಂದು ಸಣ್ಣ ಜ್ವಾಲೆ ಸದಾ ಉರೀತಾ ಇರುತ್ತಿತ್ತು. ಅದು ಚೀಲಕ್ಕೆ ತಗುಲಿತು. ಪಕ್ಕದ ಕಟ್ಟೆಯ ಮೇಲೆ ಮದ್ಯದ ಬಾಟಲಿಗಳಿದ್ದವು, ಅವೂ ಬೆಂಕಿಗೆ ಸೇರಿಕೊಂಡವು.

ಮಾಮೂಲಿ ಮನೆಯಾಗಿದ್ದರೆ ಕಿಟಕಿಯ ಸಂದಿಗಳಿಂದ ಗಾಳಿ ಬಂದು ಬೆಂಕಿ ದೊಡ್ಡದಾಗುತ್ತಿತ್ತು, ಬೀದಿಯವರಿಗೆ ಕಾಣುತ್ತಿತ್ತು. ಆದರೆ ಈ ಕಟ್ಟಡವನ್ನು ಹೀಟರ್ ಖರ್ಚು ಉಳಿಸೋದಕ್ಕೆ ದುರಸ್ತಿ ಮಾಡಿಸಿದ್ದರು. ಗೋಡೆಗಳಿಗೆ ಶಾಖ ಸೋರದ ಹೊದಿಕೆ, ಕಿಟಕಿ ಬಾಗಿಲ ಸಂದಿಗಳಿಗೆಲ್ಲ ಮೇಣದಂಥ ಅಂಟು. ಚಳಿಗಾಲಕ್ಕೆ ಬೆಚ್ಚಗಿನ ಮನೆ. ಗಾಳಿ ಓಡಾಡೋಕೆ ಉಳಿದಿದ್ದ ದಾರಿ ಅಂದರೆ ಅಗ್ಗಿಷ್ಟಿಕೆಯ ಚಿಮಣಿ ಮಾತ್ರ.

ಹೀಗಾಗಿ ಆ ಬೆಂಕಿ ಸುಮಾರು ಒಂದು ಗಂಟೆ ಯಾರ ಕಣ್ಣಿಗೂ ಬೀಳದೆ, ಉಸಿರು ಕಟ್ಟಿಕೊಂಡು ಒಳಗೇ ಇತ್ತು. ಏಳೂ ಮೂವತ್ತಾರಕ್ಕೆ ಅಗ್ನಿಶಾಮಕ ದಳಕ್ಕೆ ಕರೆ ಹೋಯಿತು: ಚಿಮಣಿಯಿಂದ ದಟ್ಟ ಹೊಗೆ, ಕಿಡಿ ಬರ್ತಿದೆ ಅಂತ. ದಳ ಬಂದಾಗಲೂ ಚಿಮಣಿಯ ಹೊಗೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕೆಲವರು ಮೆಟ್ಟಿಲ ಮೇಲ್ಗಡೆಯ ಚಾವಣಿಯ ಕಿಂಡಿ ತೆರೆಯೋಕೆ ಹೋದರು. ಮೂವರ ಒಂದು ತಂಡ ಹೋಸ್ ಹಿಡಿದು ಕೆಳಗಿನ ಫ್ಲ್ಯಾಟಿನ ಬಾಗಿಲಿಗೆ ಬಂತು. ಕ್ಯಾಪ್ಟನ್ ಜಾನ್ ಡ್ರೆನನ್ ಇದ್ದ ಇನ್ನೊಂದು ಮೂವರ ತಂಡ ಅದೇ ಮೆಟ್ಟಿಲು ಹತ್ತಿ ಮೇಲಿನ ಮಹಡಿಯ ಬಾಗಿಲಿಗೆ ಹೋಯಿತು.

ಕೆಳಗಿನ ಬಾಗಿಲನ್ನು ಒಡೆದು ತೆರೆದರು. ಮೊದಲು ಒಳಗಿನಿಂದ ಬೆಚ್ಚನೆ ಗಾಳಿ ಹೊರಕ್ಕೆ ಬಂತು. ಬಿಸಿ ಅಲ್ಲ, ಬೆಚ್ಚಗಿನ ಗಾಳಿ. ಆಮೇಲೆ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಂಡು ಹೋಯಿತು. ಅದರ ಹಿಂದೆಯೇ ಬಾಗಿಲ ಮೇಲ್ಭಾಗದಿಂದ ದೊಡ್ಡ ಜ್ವಾಲೆ ನುಗ್ಗಿ ಮೆಟ್ಟಿಲ ದಾರಿ ಹಿಡಿದು ಮೇಲೇರಿತು. ಬಾಗಿಲ ಎದುರೇ ಇದ್ದ ಮೂವರು ಬಗ್ಗಿ, ಜ್ವಾಲೆಯ ಕೆಳಗಿನಿಂದ ತೆವಳಿ ಹೊರಗೆ ಬಂದು ಬದುಕಿದರು. ಮೇಲಿನ ಮಹಡಿಯಲ್ಲಿ, ಬೆಂಕಿಯಿಂದ ದೂರ ಇದ್ದ ಮೂವರಿಗೆ ಓಡೋಕೆ ಜಾಗವೇ ಇರಲಿಲ್ಲ. ಒಬ್ಬರು ಅವತ್ತೇ, ಇನ್ನೊಬ್ಬರು ಮರುದಿನ, ಡ್ರೆನನ್ ನಲವತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ಎದುರಿನಿಂದ ಯಾರೋ ಇದನ್ನು ವಿಡಿಯೋ ಮಾಡಿದ್ದರು. ಅದರಲ್ಲಿ ನೋಡಿದರೆ ಆ ಜ್ವಾಲೆ ಆರೂವರೆ ನಿಮಿಷ ನಿಂತಿತ್ತು. ಅನುಭವಿ ಸಿಬ್ಬಂದಿಗೆ ಅರ್ಥ ಆಗದೇ ಹೋದದ್ದು ಇದೇ. ಬ್ಯಾಕ್‌ಡ್ರಾಫ್ಟ್ ಅಂದ್ರೆ ಭಗ್ ಅಂತ ಬಂದು ಕೆಲವೇ ಸೆಕೆಂಡಿನಲ್ಲಿ ಮುಗಿಯುವ ವಿಷಯ ಅಂತ ಅವರು ಕಂಡಿದ್ದರು. ಒಂದು ಚೀಲ ಕಸದಿಂದ ಶುರುವಾದ ಬೆಂಕಿಗೆ ಆರೂವರೆ ನಿಮಿಷ ಉರಿಯುವಷ್ಟು ಸರಕು ಎಲ್ಲಿಂದ ಬಂತು?

ಹೊಗೆಯೂ ಸೌದೆಯೇ

ಉತ್ತರ ಇರೋದು ಹೊಗೆಯಲ್ಲಿ. ಸೌದೆ ಒಲೆ ಹಚ್ಚಿದವರಿಗೆ, ಅಥವಾ ಹಚ್ಚೋದನ್ನು ನೋಡಿದವರಿಗೆ ಇದು ಹೊಸದಲ್ಲ. ಹಸಿ ಸೌದೆ ಇಟ್ಟರೆ ಉರಿ ಸತ್ತು ಅಡುಗೆಮನೆ ತುಂಬ ಹೊಗೆ ಏಳುತ್ತೆ. ಊದುಗೊಳವೆಯಲ್ಲಿ ಒಂದೆರಡು ಸಲ ಊದಿದರೆ ಆ ಹೊಗೆಯೇ ಭಗ್ಗನೆ ಹೊತ್ತಿಕೊಳ್ಳುತ್ತೆ. ಊದುವಾಗ ಮುಖ ಒಲೆಯ ಬಾಯಿಗೆ ನೇರ ಇಡಬೇಡ ಅಂತ ಮನೆಯ ಹಿರಿಯರು ಹೇಳೋದು ಅದಕ್ಕೇ.

ಇನ್ನೂ ಸುಲಭವಾಗಿ ಬೇಕಂದ್ರೆ ಮೇಣದಬತ್ತಿ ಆರಿಸಿ ನೋಡಿ. ಬತ್ತಿಯಿಂದ ಏಳುವ ಬಿಳಿ ಹೊಗೆಯ ಎಳೆಗೆ, ಬತ್ತಿಗಿಂತ ಸ್ವಲ್ಪ ಮೇಲೆ, ಕಡ್ಡಿ ಗೀರಿ ಹಿಡಿದರೆ ಜ್ವಾಲೆ ಆ ಎಳೆಯಲ್ಲೇ ಇಳಿದು ಬತ್ತಿಗೆ ಬರುತ್ತೆ. ಆ ಎಳೆಯಲ್ಲಿ ಇರೋದು ಉರಿಯದೆ ಉಳಿದ ಮೇಣ.

ಕೋಣೆಯಲ್ಲೂ ಇದೇ ಆಗೋದು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21%. ಅದು 15%ರ ಆಸುಪಾಸಿಗೆ ಇಳಿದಾಗ ಜ್ವಾಲೆ ಸೊರಗುತ್ತೆ, ಇನ್ನೂ ಇಳಿದರೆ ಹೆಚ್ಚೂ ಕಡಿಮೆ ಮಾಯ ಆಗುತ್ತೆ. ಹೊರಗಿನವರಿಗೆ ಬೆಂಕಿ ಆರಿದ ಹಾಗೆ. ಆದರೆ ಕೋಣೆಯ ಬಿಸಿ ಎಲ್ಲೂ ಹೋಗಿರಲ್ಲ. ಸೋಫಾ, ಹಾಸಿಗೆಯ ಫೋಮ್, ಮರದ ಕಪಾಟು, ಪ್ಲಾಸ್ಟಿಕ್ ಎಲ್ಲ ಆ ಬಿಸಿಗೆ ಬೇಯ್ತಾನೇ ಇರುತ್ತವೆ. ಇದ್ದಿಲು ಸುಡುವ ಗುಂಡಿಯಲ್ಲಿ ಕಟ್ಟಿಗೆ ಬೆಂದ ಹಾಗೆ. ಬೆಂದಷ್ಟೂ ಅನಿಲ ಬಿಡುತ್ತವೆ. ಕಾರ್ಬನ್ ಮೊನಾಕ್ಸೈಡ್, ಅದರ ಜೊತೆ ಉರಿಯಬಲ್ಲ ಬೇರೆ ಬೇರೆ ಆವಿ. ಕಾರ್ಬನ್ ಮೊನಾಕ್ಸೈಡನ್ನು ನಾವು ವಿಷ ಅಂತ ಮಾತ್ರ ತಿಳಿದಿರ್ತೀವಿ. ಅದು ಉರುವಲು ಕೂಡ.

ಈಗ ಕೋಣೆಯಲ್ಲಿ ಉರುವಲು ಇದೆ, ಬಿಸಿ ಇದೆ, ಎಲ್ಲೋ ಮೂಲೆಯಲ್ಲಿ ಕೆಂಡ ಇದೆ. ಇಲ್ಲದೇ ಇರೋದು ಒಂದೇ, ಗಾಳಿ. ಅದನ್ನು ಕೊಡೋದು ಬಾಗಿಲು.

ವಾಟ್ಸ್ ಸ್ಟ್ರೀಟಿನ ಒಗಟು ಬಿಡಿಸಲು ನ್ಯೂಯಾರ್ಕಿನ ಅಗ್ನಿಶಾಮಕ ದಳ, ಅಮೆರಿಕ ಸರ್ಕಾರದ ಸಂಶೋಧನಾ ಸಂಸ್ಥೆ 'ನಿಸ್ಟ್'ನ ನೆರವು ಕೇಳಿತು. ಅಲ್ಲಿನ ರಿಚರ್ಡ್ ಬುಕೋವ್ಸ್ಕಿ ಆ ಫ್ಲ್ಯಾಟನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಚೀಲಕ್ಕೆ ಬೆಂಕಿ ತಗುಲಿದ ಕ್ಷಣದಿಂದ ಲೆಕ್ಕ ಹಾಕಿದರು. ಆ ಲೆಕ್ಕದ ಪ್ರಕಾರ ಕೆಲವೇ ನಿಮಿಷದಲ್ಲಿ ಒಳಗಿನ ಆಮ್ಲಜನಕ 10%ಕ್ಕಿಂತ ಕೆಳಗೆ ಇಳಿದಿತ್ತು. ಅಲ್ಲಿಂದ ಮುಂದಕ್ಕೆ ಬೆಂಕಿ ಉರಿದದ್ದು ಕಡಿಮೆ, ಫ್ಲ್ಯಾಟಿನೊಳಗೆ ಉರಿಯದ ಅನಿಲ ಕೂಡಿಟ್ಟದ್ದೇ ಹೆಚ್ಚು. ಬಾಗಿಲು ತೆರೆದಾಗ ಆ ದಾಸ್ತಾನೆಲ್ಲ ಮೆಟ್ಟಿಲ ದಾರಿಗೆ ಹರಿದು ಅಲ್ಲಿ ಉರಿಯಿತು. ಮೆಟ್ಟಿಲ ಹತ್ತಿರ ಶಾಖ 1200 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದಿರಬಹುದು ಅಂತ ಲೆಕ್ಕ ಹೇಳಿತು. ಜ್ವಾಲೆ ಎಷ್ಟು ಹೊತ್ತು ನಿಂತಿತು ಅನ್ನೋದೂ ವಿಡಿಯೋಗೆ ಸರಿಸುಮಾರು ಹೊಂದಿತು. ಕಸದ ಚೀಲ ಬರೀ ಕಡ್ಡಿ ಗೀರಿತ್ತು. ಸರಕು ಒದಗಿಸಿದ್ದು ಗಾಳಿಯಾಡದ ಮನೆ ಮತ್ತು ಒಂದು ಗಂಟೆಯ ಕಾಲ.

ಬಾಗಿಲು ತೆರೆದ ಮೇಲಿನ ಕೆಲವು ಸೆಕೆಂಡು

ಎಸಿ ರೂಮಿನ ಬಾಗಿಲು ತೆರೆದಾಗ ಪಾದಕ್ಕೆ ತಣ್ಣಗೆ ತಾಗುತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ತಣ್ಣನೆ ಗಾಳಿ ಭಾರ, ಅದು ನೆಲ ಹಿಡಿದು ಹರಿಯುತ್ತೆ. ಬೆಂಕಿಯ ಕೋಣೆಯಲ್ಲಿ ಇದೇ ಆಟ ತಿರುಗುಮುರುಗಾಗಿ ನಡೆಯುತ್ತೆ. ಹೊರಗಿನ ತಣ್ಣನೆ ಗಾಳಿ ನೀರಿನ ಹಾಗೆ ನೆಲದ ಮೇಲೆ ಒಳಕ್ಕೆ ಹರಿಯುತ್ತೆ, ಬಿಸಿ ಹೊಗೆ ಬಾಗಿಲ ಮೇಲ್ಭಾಗದಿಂದ ಹೊರಕ್ಕೆ ಹೋಗುತ್ತೆ. ಎರಡೂ ಒಂದನ್ನೊಂದು ಉಜ್ಜಿಕೊಂಡು ಹೋಗುವ ಗಡಿಯಲ್ಲಿ ಹೊಗೆ ಮತ್ತು ಗಾಳಿ ಬೆರೆತು, ಹೊತ್ತಿಕೊಳ್ಳೋಕೆ ಸರಿಯಾದ ಹದಕ್ಕೆ ಬರುತ್ತವೆ.

ಒಳಗೆ ಹರಿಯುವ ಗಾಳಿಯ ವೇಗ ಮನೆಯಷ್ಟು ಎತ್ತರದ ಕೋಣೆಯಲ್ಲಿ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು. ಕೆಂಡ ಐದು ಮೀಟರ್ ಆಚೆ ಇದ್ದರೆ ಗಾಳಿ ಅಲ್ಲಿಗೆ ಮುಟ್ಟೋಕೆ ಐದು ಸೆಕೆಂಡಾದರೂ ಬೇಕು. ಅಲ್ಲಿ ಹೊತ್ತಿದ ಜ್ವಾಲೆ ಬೆರೆತ ಪದರದ ಗುಂಟ ಬಾಗಿಲ ಕಡೆಗೆ ಓಡಿ ಬರುತ್ತೆ. ಬರುವಾಗ ಅನಿಲ ಹಿಗ್ಗುವುದರಿಂದ, ಮುಂದಿರುವ ಉರಿಯದ ಹೊಗೆಯನ್ನು ಬಾಗಿಲಾಚೆ ತಳ್ಳುತ್ತೆ. ಹೊರಗೆ ಅದಕ್ಕೆ ಬೇಕಾದಷ್ಟು ಗಾಳಿ ಸಿಕ್ಕಿ ಬೆಂಕಿಯ ಉಂಡೆ ಆಗುತ್ತೆ.

ಈ ತಡ ಇದೆಯಲ್ಲ, ಮೋಸ ಆಗೋದು ಅಲ್ಲೇ. ಬಾಗಿಲು ತೆರೆದಾಗ ಏನೂ ಆಗಲಿಲ್ಲ ಅಂತ ನಾಲ್ಕು ಹೆಜ್ಜೆ ಒಳಗೆ ಇಟ್ಟಿರ್ತಾರೆ, ಆಮೇಲೆ ಆಗುತ್ತೆ. ಕೆಂಡ ಬೂದಿಯ ಕೆಳಗೋ, ಕಪಾಟಿನೊಳಗೋ ಹುದುಗಿದ್ದರೆ ನಿಮಿಷಗಳೇ ಹಿಡಿಯಬಹುದು.

ಹಾಗಂತ ಮುಚ್ಚಿದ ಕೋಣೆಯ ಬೆಂಕಿಯೆಲ್ಲ ಬ್ಯಾಕ್‌ಡ್ರಾಫ್ಟ್ ಆಗಲ್ಲ. ಹೊಗೆಯಲ್ಲಿ ಉರಿಯದ ಅನಿಲ ಸಾಕಷ್ಟು ಇರಬೇಕು. 1990ರ ದಶಕದ ಆರಂಭದಲ್ಲಿ ಚಾರ್ಲ್ಸ್ ಫ್ಲೈಷ್‌ಮನ್ ಎಂಬ ಸಂಶೋಧಕರು ಒಂದು ಸಣ್ಣ ಕೋಣೆ ಕಟ್ಟಿ, ಮೀಥೇನ್ ಉರಿಸಿ, ಬಾಗಿಲು ಮುಚ್ಚಿ ತೆಗೆದು ಮತ್ತೆ ಮತ್ತೆ ಪರೀಕ್ಷಿಸಿದರು. ಉರಿಯದ ಅನಿಲ ಕೋಣೆಯಲ್ಲಿದ್ದ ಒಟ್ಟು ಅನಿಲದ ತೂಕದಲ್ಲಿ 10%ಕ್ಕಿಂತ ಕಡಿಮೆ ಇದ್ದಾಗ ಜ್ವಾಲೆ ನಿಧಾನವಾಗಿ ಹಬ್ಬಿತು, ಒತ್ತಡ ಅಷ್ಟಾಗಿ ಏಳಲಿಲ್ಲ. ಅದಕ್ಕಿಂತ ಹೆಚ್ಚಾದಂತೆ ಹೊರಗೆ ಬೆಂಕಿಯ ಉಂಡೆ ಬಂತು. ಸಿಬ್ಬಂದಿಯ ಉಪಾಯಗಳೆಲ್ಲ ನಿಂತಿರೋದು ಇದರ ಮೇಲೇ. ಒಂದೋ ಆ ಅನಿಲವನ್ನು ಹೊರಗೆ ಬಿಡಬೇಕು, ಇಲ್ಲವೇ ಅದನ್ನು ತೆಳು ಮಾಡಬೇಕು.

ಬಾಗಿಲನ್ನು ಓದೋದು

ಬಾಗಿಲು ಮುಟ್ಟೋಕೆ ಮುಂಚೆ ಸಿಬ್ಬಂದಿ ಕಟ್ಟಡದ ಸುತ್ತ ಬಂದು ನೋಡ್ತಾರೆ. ಕಿಟಕಿ ಗಾಜಿನ ಒಳಮೈ ಕಪ್ಪಾಗಿ, ಟಾರಿನಂಥ ಎಣ್ಣೆ ಇಳಿದಿದ್ದರೆ ಅದು ಬೆಂದ ಸರಕಿನ ಆವಿ ಗಾಜಿಗೆ ಕೂತದ್ದು. ಉರಿ ಕಾಣದೆ ಗಾಜು ಬಿಸಿಯಾಗಿ ಬಿರುಕು ಬಿಟ್ಟಿದ್ದರೆ ಅದು ಇನ್ನೊಂದು ಸುಳಿವು.

ಎಲ್ಲಕ್ಕಿಂತ ಕೆಟ್ಟ ಸುಳಿವು ಅಂದ್ರೆ ಕಟ್ಟಡ ಉಸಿರಾಡೋದು. ಬಾಗಿಲ ಸಂದಿಯಿಂದ ಹೊಗೆ ಪುಸ್ ಪುಸ್ ಅಂತ ಹೊರಗೆ ಬಂದು, ಮತ್ತೆ ಒಳಗೆ ಎಳೆದುಕೊಳ್ಳುತ್ತೆ. ಒಳಗೆ ಸ್ವಲ್ಪ ಗಾಳಿ ಸಿಕ್ಕಾಗ ಉರಿ ಎದ್ದು ಅನಿಲ ಹಿಗ್ಗುತ್ತೆ, ಹೊಗೆ ಹೊರಬರುತ್ತೆ. ಗಾಳಿ ಮುಗಿದು ಉರಿ ಕುಗ್ಗಿದಾಗ ಅನಿಲ ತಣಿದು ಸಂಕುಚಿಸುತ್ತೆ, ಹೊರಗಿನ ಗಾಳಿಯನ್ನು ಎಳೆಯುತ್ತೆ. ಕೆಲವು ಸಲ ಸಂದಿಯಲ್ಲಿ ಸೀಟಿಯಂಥ ಸದ್ದೂ ಕೇಳುತ್ತೆ.

ಬಾಗಿಲ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡೋದೂ ಇದೆ. ಎಲ್ಲಿಂದ ಮೇಲಕ್ಕೆ ನೀರು ತಕ್ಷಣ ಆರಿಹೋಗುತ್ತೋ ಅಲ್ಲಿಯವರೆಗೆ ಒಳಗೆ ಬಿಸಿ ಹೊಗೆ ಇಳಿದಿದೆ ಅಂತ ಅರ್ಥ. ಆದರೆ ಸುಳಿವು ಇಲ್ಲದಿದ್ದರೆ ಅಪಾಯವೂ ಇಲ್ಲ ಅನ್ನೋ ಹಾಗಿಲ್ಲ. ವಾಟ್ಸ್ ಸ್ಟ್ರೀಟಿನಲ್ಲಿ ಮೊದಲು ಬಂದದ್ದು ಬೆಚ್ಚಗಿನ ಗಾಳಿ ಅಷ್ಟೇ. ಶಾಖ ಹೊರಗೆ ಸೋರದ ಹಾಗೆ ಕಟ್ಟಿದ ಮನೆ ತನ್ನ ಸುಳಿವನ್ನೂ ಒಳಗೇ ಇಟ್ಟುಕೊಳ್ಳುತ್ತೆ.

ಮೊದಲು ಮೇಲೆ, ಆಮೇಲೆ ಮುಂದೆ

ಹಳೇ ಕಾಲದಿಂದ ಬಂದ ಉಪಾಯ ಅಂದ್ರೆ ಬಾಗಿಲು ತೆರೆಯೋ ಮುಂಚೆ ಆ ಕೋಣೆಯ ಚಾವಣಿಗೆ ತೂತು ಮಾಡೋದು. ಬಿಸಿ ಹೊಗೆ ಹೇಗೂ ಮೇಲಕ್ಕೆ ಹೋಗುವಂಥದ್ದು. ಮೇಲೆ ದಾರಿ ಕೊಟ್ಟರೆ ಅಲ್ಲಿಂದಲೇ ಹೊರಟು, ಹೊತ್ತಿಕೊಂಡರೂ ಆಕಾಶದಲ್ಲಿ ಹೊತ್ತಿಕೊಳ್ಳುತ್ತೆ. ಇಲ್ಲಿ ಜಾಗ ಮುಖ್ಯ. ವಾಟ್ಸ್ ಸ್ಟ್ರೀಟಿನಲ್ಲೂ ಮೇಲೆ ತೆರೆದಿದ್ದರು, ಆದರೆ ಅದು ಮೆಟ್ಟಿಲ ನೆತ್ತಿಯ ಕಿಂಡಿ, ಉರಿಯುತ್ತಿದ್ದ ಫ್ಲ್ಯಾಟಿನದಲ್ಲ. ಫ್ಲ್ಯಾಟಿನ ಹೊಗೆ ಹೊರಗೆ ಹೋಗೋಕೆ ಬಾಗಿಲೇ ದಾರಿಯಾಯಿತು, ಮೆಟ್ಟಿಲು ಚಿಮಣಿಯಾಯಿತು.

ಮೇಲೆ ಇನ್ನೂ ನಾಲ್ಕು ಮಹಡಿ ಇರುವ ಕಟ್ಟಡದಲ್ಲಿ ಚಾವಣಿಗೆ ತೂತು ಮಾಡೋಕೆ ಆಗಲ್ಲ. ಅಲ್ಲಿ ಎರಡನೇ ಉಪಾಯ: ಗಾಳಿ ಹೋಗೋ ಮುಂಚೆ ನೀರು ಹೋಗಬೇಕು. ಇದನ್ನು 1980ರ ದಶಕದಲ್ಲಿ ಸ್ವೀಡನ್ನಿನ ಅಗ್ನಿಶಾಮಕರು ಪಳಗಿಸಿದರು. ಇಬ್ಬರು ಬಾಗಿಲ ಬದಿಗೆ, ಗೋಡೆಯ ಮರೆಯಲ್ಲಿ, ಮಂಡಿಯೂರಿ ಕೂರ್ತಾರೆ. ಒಬ್ಬರ ಕೈಯಲ್ಲಿ ನೀರು ತುಂಬಿದ ಹೋಸ್, ಇನ್ನೊಬ್ಬರ ಕೈ ಬಾಗಿಲ ಮೇಲೆ. ಬಾಗಿಲನ್ನು ಗೇಣಿಗಿಂತ ಕಡಿಮೆ ತೆರೀತಾರೆ. ಆ ಸಂದಿಯಿಂದ ಚಾವಣಿಯ ಕಡೆಗೆ ಮಂಜಿನಂಥ ಸಣ್ಣ ಹನಿಗಳನ್ನು ಒಂದೆರಡು ಸೆಕೆಂಡು ಹೊಡೆದು, ಬಾಗಿಲನ್ನು ಮತ್ತೆ ಮುಚ್ತಾರೆ. ಐದು, ಹತ್ತು ಸೆಕೆಂಡು ಕಾಯ್ತಾರೆ. ಮತ್ತೆ ಅದೇ. ಹೊಗೆಯ ಬಣ್ಣ, ಹೊರಬರುವ ರಭಸ ಬದಲಾಗುವವರೆಗೂ ಒಳಗೆ ಕಾಲಿಡಲ್ಲ.

ಮುಚ್ಚಿ ಕಾಯೋದು ಯಾಕೆ ಅನ್ನೋದಕ್ಕೆ ಒಂದು ಲೆಕ್ಕ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಸುಮಾರು 1,700 ಲೀಟರ್ ಆವಿ ಆಗುತ್ತೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಬೆಡ್‌ರೂಮಿನಲ್ಲಿ ಹಿಡಿಯೋದು 30,000 ಲೀಟರ್ ಗಾಳಿ. ಅಂದರೆ ಹತ್ತು ಲೀಟರ್, ಅರ್ಧ ಬಕೆಟ್ ನೀರು ಪೂರ್ತಿ ಆವಿಯಾದರೆ ಅರ್ಧ ಕೋಣೆ ತುಂಬುವಷ್ಟು. ಆ ಆವಿ ಉರಿಯುವ ಅನಿಲವನ್ನು ತೆಳು ಮಾಡುತ್ತೆ, ಜೊತೆಗೆ ಸ್ವಲ್ಪ ಅನಿಲವನ್ನು ಹೊರಗೂ ತಳ್ಳುತ್ತೆ. ನೀರಿನ ಕೆಲಸ ತಣಿಸೋದು ಅಂತ ನಾವೆಲ್ಲ ತಿಳಿದಿರ್ತೀವಿ. ಆದರೆ ಅಮೆರಿಕದ ನೌಕಾಪಡೆಯ ಸಂಶೋಧಕರು ನಿಜವಾದ ಹಡಗೊಂದರಲ್ಲಿ ಪ್ರಯೋಗ ಮಾಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಗಿಲು ತೆರೆಯೋ ಮುಂಚೆ ಒಳಗೆ ಹೊಡೆದ ನೀರು ಬ್ಯಾಕ್‌ಡ್ರಾಫ್ಟ್ ತಡೆದದ್ದು ಮುಖ್ಯವಾಗಿ ಹೀಗೆ ತೆಳು ಮಾಡಿ, ತಣಿಸಿ ಅಲ್ಲ ಅಂತ ಕಂಡುಬಂತು.

ದಪ್ಪ ಧಾರೆಯಲ್ಲಿ ನೀರು ಹೊಡೆದರೆ ಇದು ಆಗಲ್ಲ. ನೀರು ಗೋಡೆಗೆ ಬಡಿದು ಕೆಳಗೆ ಸುರಿಯುತ್ತೆ. ಈ ಉಪಾಯಕ್ಕೂ ಮಿತಿ ಇದೆ. ಸಂದಿಯಿಂದ ಹೊಡೆದ ಮಂಜು ಮುಟ್ಟೋದು ಕೆಲವೇ ಮೀಟರ್. ಬೆಡ್‌ರೂಮಿಗೆ ಸಾಕು, ದೊಡ್ಡ ಗೋದಾಮಿಗೆ ಸಾಲದು. ಫಾಲ್ಸ್ ಸೀಲಿಂಗಿನ ಮೇಲೆ ಅವಿತ ಹೊಗೆಯನ್ನು ಅದು ಮುಟ್ಟೋದೇ ಇಲ್ಲ. ಅದಕ್ಕೆ ಸ್ವೀಡನ್ನಿನವರೇ ಇನ್ನೊಂದು ಉಪಕರಣ ತಂದರು. ತೀರಾ ಹೆಚ್ಚಿನ ಒತ್ತಡದ ನೀರಿಗೆ ಮರಳಿನಂಥ ಪುಡಿ ಬೆರೆಸಿ ಹೊರಗಿನಿಂದಲೇ ಗೋಡೆಗೆ ಸಣ್ಣ ತೂತು ಕೊರೆದು, ಅದೇ ತೂತಿನಿಂದ ಒಳಗೆ ಮಂಜು ಹರಡುತ್ತೆ. ಬಾಗಿಲನ್ನು ಮುಟ್ಟೋದೇ ಬೇಡ.

ಇಷ್ಟೆಲ್ಲ ಮಾಡೋದಕ್ಕೆ ಸಮಯ ಬೇಕು, ಒಳಗೆ ಯಾರೋ ಇದ್ದಾರೆ ಅಂದ್ರೆ ಒಂದೊಂದು ಸೆಕೆಂಡೂ ಭಾರ. ಅನಿಲ ತುಂಬಿದ ಕೋಣೆಯಲ್ಲೇ ಇದ್ದವರು ಬದುಕಿರೋದು ಕಷ್ಟ. ಆದರೆ ಅದೇ ಫ್ಲ್ಯಾಟಿನ ಇನ್ನೊಂದು ಮುಚ್ಚಿದ ಕೋಣೆಯಲ್ಲಿ ಬದುಕಿರಬಹುದು. ಹಾಗಾಗಿ ದಳದ ನಾಯಕರು ಮುಂಬಾಗಿಲ ಬದಲು ಆ ಕೋಣೆಯ ಕಿಟಕಿಗೆ ಏಣಿ ಹಾಕಿಸಿ, ಒಳಗೆ ಹೋದ ಕೂಡಲೇ ಆ ಕೋಣೆಯ ಬಾಗಿಲು ಮುಚ್ಚಿಸೋದುಂಟು. ಅವಸರದಲ್ಲಿ ಮುಂಬಾಗಿಲು ಹಾರು ಹೊಡೆದರೆ ಅವರ ಜೀವಕ್ಕೂ ಕುತ್ತು.

ನಮ್ಮ ಪಾಲಿನದು

ನಮ್ಮ ಊರುಗಳ ಹೊಸ ಫ್ಲ್ಯಾಟು, ಆಫೀಸುಗಳಲ್ಲಿ ಎಸಿ ಇದೆ, ತೆರೆಯದ ಗಾಜು ಇದೆ, ಸಂದಿಗೆ ರಬ್ಬರ್ ಪಟ್ಟಿ ಇದೆ, ಫೋಮ್ ಸೋಫಾ ಇದೆ. ವಾಟ್ಸ್ ಸ್ಟ್ರೀಟಿನ ಮನೆಯ ಲಕ್ಷಣಗಳು ಇವೇ. ಆದ್ದರಿಂದ ಸಂಜೆ ಮನೆಗೆ ಬಂದು ಬಾಗಿಲ ಸಂದಿಯಲ್ಲಿ ಹೊಗೆ ಕಂಡರೆ ಬೀಗ ತೆಗೆಯೋಕೆ ಹೋಗಬೇಡಿ. ಬಾಗಿಲ ಮೇಲ್ಭಾಗಕ್ಕೆ ಅಂಗೈ ಬೇಡ, ಮುಂಗೈಯ ಹಿಂಬದಿ ಹತ್ತಿರ ಹಿಡಿದು ನೋಡಿ. ಬಿಸಿ ಇದ್ದರೆ ಬೆಂಕಿ ಅಲ್ಲೇ ಇದೆ. ಬಿಸಿ ಇಲ್ಲದಿದ್ದರೂ ಹೊಗೆ ಒಳಗೆ ಹೊರಗೆ ಆಡುತ್ತಿದ್ದರೆ ಹಿಂದೆ ಸರಿಯಿರಿ. ಹೊಗೆ ಹೋಗಲಿ ಅಂತ ಕಿಟಕಿ ಗಾಜು ಒಡೆಯೋದೂ ಬಾಗಿಲು ತೆಗೆದ ಹಾಗೇ. ನೀವೇ ಒಳಗಿದ್ದು ಹೊರಗೆ ಓಡುತ್ತಿದ್ದರೆ ನಿಮ್ಮ ಹಿಂದೆ ಬಾಗಿಲು ಎಳೆದುಕೊಳ್ಳಿ. ಗಾಳಿ ಸಿಗದ ಬೆಂಕಿ ಬೇಗ ದೊಡ್ಡದಾಗಲ್ಲ. ಎಳೆದ ಬಾಗಿಲನ್ನು ಪರ್ಸಿಗೋ ಲ್ಯಾಪ್‌ಟಾಪಿಗೋ ಮತ್ತೆ ತೆಗೆಯಬೇಡಿ.

112 ಅಥವಾ 101ಕ್ಕೆ ಕರೆ ಮಾಡಿ. ದಳ ಬಂದ ಕೂಡಲೇ ನಿಮ್ಮಿಂದ ಅವರಿಗೆ ಬೇಕಾದ ಮಾತು ಮೂರೇ: ಒಳಗೆ ಯಾರಾದರೂ ಇದ್ದಾರಾ, ಯಾವ ಕೋಣೆಯಲ್ಲಿ, ಬಾಗಿಲು ಎಷ್ಟು ಹೊತ್ತಿನಿಂದ ಮುಚ್ಚಿದೆ, ಹೊಗೆ ಎಲ್ಲೆಲ್ಲಿಂದ ಬರ್ತಿತ್ತು. ಎರಡನೆಯದನ್ನು ಯಾರೂ ಹೇಳಲ್ಲ, ಆದರೆ ಒಳಗೆ ಎಷ್ಟು ಅನಿಲ ಕೂಡಿರಬಹುದು ಅಂತ ಅವರು ಅಂದಾಜು ಹಾಕೋದು ಅದರಿಂದಲೇ.

ಇಷ್ಟು ಹೇಳಿ ಕೆಳಗಿಳಿದು, ಕಟ್ಟಡದಿಂದ ದೂರ ಹೋಗಿ. ಏನಾಗ್ತಿದೆ ನೋಡೋಣ ಅಂತ ಮೇಲಿನ ಮಹಡಿಯ ಮೆಟ್ಟಿಲಿನಲ್ಲಿ ಮಾತ್ರ ನಿಲ್ಲಬೇಡಿ. ಬೆಂಕಿಯಿಂದ ದೂರ ಅನ್ನಿಸಿದರೂ, ಬಾಗಿಲು ತೆರೆದಾಗ ಅದರ ದಾರಿ ಅದೇ.